ಹದಿನಾರರ ಹುಡುಗ, ಹನ್ನೊಂದರ ಹುಡುಗಿ

ಜಾತಕ ಕೂಡಿಬಂದು, ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿದ ಮೇಲೂ ಈಚೆಗೆ ಹಲವು ಮನೆಗಳಲ್ಲಿ ಇನ್ನೊಂದು ಲೆಕ್ಕ ನಡೆಯುತ್ತದೆ. ಹುಟ್ಟಿದ ತಾರೀಖನ್ನು ಮೊಬೈಲಿನಲ್ಲಿ ಹಾಕಿ ಕೂಡಿಸಿ ನೋಡುತ್ತಾರೆ. ಹುಡುಗನದು ಹದಿನಾರು ಬಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ‘ಇದು ಕರ್ಮದ ಸಾಲದ ನಂಬರ್ ಅಂತೆ, ಹೋದ ಜನ್ಮದಲ್ಲಿ ಪ್ರೀತಿಯಲ್ಲಿ ದ್ರೋಹ ಮಾಡಿದವರಿಗೆ ಬರುತ್ತಂತೆ’ ಎಂದು ಯಾರೋ ಹೇಳಿರುತ್ತಾರೆ. ಹುಡುಗಿಯದು ಹನ್ನೊಂದು ಬಂದರೆ ‘ಮಾಸ್ಟರ್ ನಂಬರ್, ಪುಣ್ಯವಂತೆ’ ಎಂಬ ಸಮಾಧಾನ. ಎರಡೂ ಅರ್ಧ ತಿಳಿದು ಆಡಿದ ಮಾತುಗಳು. ಸಂಖ್ಯಾಶಾಸ್ತ್ರದ ಒಳಗೇ ನಿಂತು ನೋಡಿದರೂ ಹದಿನಾರು ಶಾಪವಲ್ಲ, ಹನ್ನೊಂದು ವರವೂ ಅಲ್ಲ. ಈ ಸಂಖ್ಯೆಗಳನ್ನು ಪ್ರೀತಿಯ ವಿಷಯದಲ್ಲಿ ಬಲ್ಲವರು ಓದುವ ಕ್ರಮವೇ ಬೇರೆ, ಅದಕ್ಕೊಂದು ಶಿಸ್ತೂ ಇದೆ. ಒಂದು ಸಂಬಂಧವನ್ನು ಇದರ ಮೇಲೆ ತೂಗುವ ಮೊದಲು ಆ ಕ್ರಮ ಗೊತ್ತಿರಬೇಕು.

ಸಾಮಾನ್ಯವಾಗಿ ಸಂಖ್ಯಾಶಾಸ್ತ್ರದಲ್ಲಿ ಎಲ್ಲವನ್ನೂ ಒಂದಂಕಿಗೆ ಇಳಿಸುತ್ತಾರೆ. 25 ಬಂದರೆ 2+5, ಅಂದರೆ 7. ಹೀಗೆ ಇಳಿಸುವ ದಾರಿಯಲ್ಲಿ ಕೆಲವು ಎರಡಂಕಿ ಸಂಖ್ಯೆಗಳು ಸಿಕ್ಕಿದರೆ ಮಾತ್ರ ಅಲ್ಲಿ ನಿಂತು ನೋಡಬೇಕೆಂಬುದು ನಿಯಮ. 11, 22, 33 ಮಾಸ್ಟರ್ ಸಂಖ್ಯೆಗಳು. 13, 14, 16, 19 ಕರ್ಮಋಣದ ಸಂಖ್ಯೆಗಳು. ಇವನ್ನು 11/2, 16/7 ಎಂದು ಗೆರೆ ಹಾಕಿ ಬರೆಯುವುದು ವಾಡಿಕೆ. ಗೆರೆಯ ಬಲಕ್ಕಿರುವುದು ಮನುಷ್ಯ ದಿನನಿತ್ಯ ಬದುಕುವ ರೀತಿ, ಎಡಕ್ಕಿರುವುದು ಅವನು ಅಲ್ಲಿಗೆ ಬಂದ ದಾರಿ. ಒಬ್ಬ 16ರಿಂದ 7ಕ್ಕೆ ಬಂದಿರುತ್ತಾನೆ, ಇನ್ನೊಬ್ಬ 25ರಿಂದ ಬಂದಿರುತ್ತಾನೆ. ಇಬ್ಬರೂ ಒಂಟಿಯಾಗಿರಲು ಇಷ್ಟಪಡುವವರೇ, ಆದರೆ ಒಂಟಿತನದ ಕಾರಣ ಬೇರೆ ಎನ್ನುತ್ತದೆ ಶಾಸ್ತ್ರ. ಪ್ರೀತಿಯಲ್ಲಿ ಮುಖ್ಯವಾಗುವುದು ಈ ಕಾರಣವೇ.

ಈ ಪದ್ಧತಿ ನಮ್ಮ ಪಂಚಾಂಗದಿಂದ ಬಂದದ್ದಲ್ಲ. ಪೈಥಾಗೊರಸನ ಹೆಸರು ಹೊತ್ತಿದ್ದರೂ ಅವನು ಬರೆದದ್ದೇನೂ ಉಳಿದಿಲ್ಲ. ಈಗ ಬಳಕೆಯಲ್ಲಿರುವ ರೂಪ ಹುಟ್ಟಿದ್ದು 20ನೇ ಶತಮಾನದ ಆರಂಭದಲ್ಲಿ, ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿದ್ದ ಎಲ್. ಡೌ ಬ್ಯಾಲಿಯೆಟ್ ಎಂಬ ಮಹಿಳೆಯ ಬರಹಗಳಿಂದ. ಅವರ ಶಿಷ್ಯೆ ಜುನೋ ಜಾರ್ಡನ್ 1965ರಲ್ಲಿ ತಂದ ಪುಸ್ತಕ ಇದನ್ನು ಸಾಮಾನ್ಯ ಓದುಗರಿಗೆ ತಲುಪಿಸಿತು. ನಮ್ಮಲ್ಲಿ ಹೆಚ್ಚು ಓದಿಸಿಕೊಂಡವನು ಇನ್ನೊಂದು ಪರಂಪರೆಯವನು: ಐರ್ಲೆಂಡಿನ ಚೀರೋ. ಒಂದು ಎಂದರೆ ಸೂರ್ಯ, ಎರಡು ಎಂದರೆ ಚಂದ್ರ ಎಂದು ಸಂಖ್ಯೆಗೆ ಗ್ರಹ ಹೊಂದಿಸಿ ನಮ್ಮ ಅಂಕಶಾಸ್ತ್ರಜ್ಞರು ಹೇಳುವ ರೀತಿಗೆ ಬಲ ಬಂದದ್ದು ಅವನ ಪುಸ್ತಕಗಳಿಂದ. ಈ ಎರಡು ಪರಂಪರೆಗಳನ್ನು ಬೆರೆಸಿ ಹೇಳಿದಾಗಲೇ ಗೊಂದಲ ಶುರುವಾಗುವುದು. ಉದಾಹರಣೆಗೆ 19ನ್ನು ನೋಡಿ. ಅಮೆರಿಕದ ಪದ್ಧತಿಯಲ್ಲಿ ಅದು ಋಣದ ಸಂಖ್ಯೆ. ಚೀರೋನ ಪಟ್ಟಿಯಲ್ಲಿ ಅದೇ 19 ಸೂರ್ಯನ ಸಂಖ್ಯೆ, ಅತ್ಯಂತ ಶುಭ. 16ರ ವಿಷಯದಲ್ಲಿ ಮಾತ್ರ ಇಬ್ಬರ ದನಿಯೂ ಒಂದೇ. ಸಿಡಿಲು ಬಡಿದು ಕುಸಿಯುವ ಗೋಪುರದ ಚಿತ್ರವನ್ನು ಚೀರೋ ಇದಕ್ಕೆ ಕೊಡುತ್ತಾನೆ. ಟ್ಯಾರೋ ಎಲೆಗಳಲ್ಲಿ ಹದಿನಾರನೆಯದು ಇದೇ ಗೋಪುರ. ಆದ್ದರಿಂದ ಯಾರಾದರೂ ನಿಮ್ಮ ಸಂಗಾತಿಯ ಸಂಖ್ಯೆ ಹೇಳಿದರೆ ಯಾವ ಪದ್ಧತಿಯ ಲೆಕ್ಕ ಎಂದು ಮೊದಲು ಕೇಳಿ. ಈ ಲೇಖನದಲ್ಲಿ ಇರುವುದು ಬ್ಯಾಲಿಯೆಟ್ ಮತ್ತು ಜಾರ್ಡನ್ ಅವರ ಕಡೆಯದು.

ಈಗ ಒಂದು ಜೋಡಿಯನ್ನು ಇಟ್ಟುಕೊಂಡು ಲೆಕ್ಕ ಮಾಡೋಣ. ಇದು ತಿಳಿಯಲೆಂದು ಕಟ್ಟಿದ ಉದಾಹರಣೆ. ಹುಡುಗ ಹುಟ್ಟಿದ್ದು 1990ರ ಆಗಸ್ಟ್ 16, ಹುಡುಗಿ 1993ರ ಮೇ 29.

ಮೊದಲು ಜನ್ಮಾಂಕ, ಅಂದರೆ ಹುಟ್ಟಿದ ತಾರೀಖು ಮಾತ್ರ. ಹುಡುಗನದು 16, ಇಳಿಸಿದರೆ 7. ಹಾಗಾಗಿ 16/7. ಹುಡುಗಿಯದು 29. ಎರಡು ಒಂಬತ್ತು ಕೂಡಿ ಹನ್ನೊಂದು, ಹಾಗಾಗಿ 11/2. ಇಲ್ಲಿ ವಾದಕ್ಕೆ ಎಡೆಯಿಲ್ಲ. ತಿಂಗಳಲ್ಲಿ 13, 14, 16, 19ರಂದು ಹುಟ್ಟಿದವರೆಲ್ಲರಿಗೂ ಋಣದ ಸಂಖ್ಯೆ, 11, 22, 29ರಂದು ಹುಟ್ಟಿದವರೆಲ್ಲರಿಗೂ ಮಾಸ್ಟರ್ ಸಂಖ್ಯೆ. ಅಂದರೆ ತಿಂಗಳಿಗೆ ಏಳು ದಿನ, ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು. ಹತ್ತು ದಂಪತಿಗಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು ನಾಲ್ಕು ಜೋಡಿಗಳಲ್ಲಿ ಗಂಡನಿಗೋ ಹೆಂಡತಿಗೋ ಇಂಥದ್ದೊಂದು ಇದ್ದೇ ಇರುತ್ತದೆ. ‘ಅಪರೂಪದ ಸಂಖ್ಯೆ’ ಎಂದು ಹೆದರಿಸುವವರ, ಹೊಗಳುವವರ ಮಾತು ಕೇಳುವಾಗ ಇದು ನೆನಪಿರಲಿ.

ಇನ್ನು ಭಾಗ್ಯಾಂಕ. ದಿನ, ತಿಂಗಳು, ವರ್ಷ ಮೂರನ್ನೂ ಕೂಡಿಸಿ ಬರುವುದು. ಜೀವನದ ಒಟ್ಟು ದಾರಿಯನ್ನು ಇದರಿಂದ ಓದುತ್ತಾರೆ. ಕೂಡಿಸುವ ರೀತಿ ಒಂದೇ ಅಲ್ಲ ಎನ್ನುವುದೇ ಇಲ್ಲಿರುವ ತೊಡಕು. ಹುಡುಗನ ತಾರೀಖಿನ ಮೂರು ಭಾಗಗಳನ್ನು ಮೊದಲು ಬೇರೆಬೇರೆಯಾಗಿ ಇಳಿಸಿದರೆ ದಿನ 7, ತಿಂಗಳು 8, ವರ್ಷ 1990 ಎಂದರೆ 19, ಅದು 10, ಅದು 1. ಮೂರನ್ನೂ ಕೂಡಿದರೆ 7+8+1, ಅಂದರೆ 16. ಭಾಗ್ಯಾಂಕದಲ್ಲೂ ಗೋಪುರ ಕಾಣಿಸಿತು. ಅದೇ ತಾರೀಖಿನ ಅಂಕಿಗಳನ್ನು ನೇರವಾಗಿ ಸಾಲಾಗಿ ಕೂಡಿಸಿ ನೋಡಿ: 1+6+8+1+9+9+0, ಮೊತ್ತ 34. ಇದರಿಂದಲೂ ಬರುವುದು 7, ಆದರೆ ದಾರಿಯಲ್ಲಿ ಹದಿನಾರು ಇಲ್ಲ. ಇನ್ನು ಕೆಲವರು 16+8+1990 ಎಂದು ಇಡಿಯಾಗಿ ಕೂಡಿಸುತ್ತಾರೆ. ಅದು 2014, ಮತ್ತೆ 7, ಇಲ್ಲೂ ಹದಿನಾರಿಲ್ಲ. ಕೊನೆಯ ಒಂದಂಕಿ ಯಾವ ದಾರಿಯಲ್ಲಿ ಬಂದರೂ ಬದಲಾಗುವುದಿಲ್ಲ, ಏಕೆಂದರೆ ಅದು ಒಂಬತ್ತರಿಂದ ಭಾಗಿಸಿ ಉಳಿದ ಶೇಷವಿದ್ದ ಹಾಗೆ. ನಡುವೆ ಸಿಗುವ ಎರಡಂಕಿ ಮಾತ್ರ ಕೂಡಿಸುವವರ ಕೈಯಲ್ಲಿದೆ. ಒಂದು ಆ್ಯಪು ‘ಋಣವಿದೆ’ ಎಂದು, ಇನ್ನೊಂದು ‘ಇಲ್ಲ’ ಎಂದು ಹೇಳುವುದು ಇದರಿಂದಲೇ.

ಹುಡುಗಿಯದನ್ನು ನೋಡಿ. 29 ಇಳಿದರೆ 2, ತಿಂಗಳು 5, 1993 ಇಳಿದರೆ 22, ಮತ್ತೆ 4. ಕೂಡಿದರೆ 2+5+4, ಅಂದರೆ 11. ಮಾಸ್ಟರ್ ಸಂಖ್ಯೆಗಳನ್ನು ಇಳಿಸದೆ ಹಾಗೇ ಬಿಡುವವರ ಲೆಕ್ಕದಲ್ಲಿ 11+5+22, ಮೊತ್ತ 38, ಅದೂ 11. ಅಂಕಿಗಳನ್ನು ನೇರವಾಗಿ ಕೂಡಿದರೂ 38, ಇಡಿಯಾಗಿ ಕೂಡಿದರೆ 2027, ಅದೂ 11. ನಾಲ್ಕು ದಾರಿಯಲ್ಲೂ ಹನ್ನೊಂದೇ ಎದುರಾಗುತ್ತದೆ.

ನಾನು ಅನುಸರಿಸುವ ನಿಯಮ ಇಷ್ಟು. ಎರಡು ದಾರಿಯಲ್ಲಾದರೂ ಕಾಣಿಸಿಕೊಂಡ ಸಂಖ್ಯೆಯನ್ನು ಮಾತ್ರ ಗಟ್ಟಿ ಎಂದು ಹಿಡಿಯಬೇಕು. ಈ ಹುಡುಗಿಯ ಭಾಗ್ಯಾಂಕದ 11 ಗಟ್ಟಿ. ಹುಡುಗನ ಭಾಗ್ಯಾಂಕವನ್ನು ಬರೀ 7 ಎಂದು ಓದಬೇಕು. ಅವನ ಜನ್ಮಾಂಕದ 16 ಉಳಿಯುತ್ತದೆ. ಹುಟ್ಟಿದ ವರ್ಷದಲ್ಲಿ ಸಿಕ್ಕ 19ನ್ನು ಕೆಲವರು ಋಣದ ಲೆಕ್ಕಕ್ಕೆ ಹಿಡಿಯುವುದುಂಟು. ಅದು ಸರಿಯಲ್ಲ. 1990ರಲ್ಲಿ ಹುಟ್ಟಿದ ಎಲ್ಲರಿಗೂ ಅದು ಇರುವುದರಿಂದ ಅದು ಈ ಒಬ್ಬನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಸ್ಥಾನಕ್ಕೆ ತಕ್ಕಂತೆ ಓದು ಬದಲಾಗುತ್ತದೆ. ಹದಿನಾರು ಭಾಗ್ಯಾಂಕದಲ್ಲಿದ್ದರೆ ಏಳುಬೀಳು ಬದುಕಿನುದ್ದಕ್ಕೂ ಮರುಕಳಿಸುತ್ತದೆ ಎನ್ನುತ್ತಾರೆ. ಜನ್ಮಾಂಕದಲ್ಲಿ ಮಾತ್ರ ಇದ್ದರೆ ಅದು ಸ್ವಭಾವದ ಒಂದು ಚಾಳಿ, ಮನಸ್ಸು ಮಾಡಿದರೆ ತಿದ್ದಿಕೊಳ್ಳಬಹುದಾದದ್ದು. ಹೆಸರಿನ ಸ್ವರಗಳಿಂದ ತೆಗೆಯುವ ಅಂತರಂಗದ ಸಂಖ್ಯೆಯೊಂದಿದೆ, ಅದರ ವಿಷಯ ಮುಂದೆ ಬರುತ್ತದೆ. ಅಲ್ಲಿ ಹದಿನಾರು ಇದ್ದರೆ ಪ್ರೀತಿಯಿಂದ ಅವನು ಬಯಸುವುದರಲ್ಲೇ ಬಿಕ್ಕಟ್ಟಿದೆ ಎಂದರ್ಥ. ನಮ್ಮ ಹುಡುಗನದು ನಡುವಿನದು, ಚಾಳಿಯ ಮಟ್ಟದ್ದು.

ಆ ಚಾಳಿ ಏನು? ಹದಿನಾರನ್ನು ಬಿಡಿಸಿ ನೋಡುತ್ತಾರೆ. ಒಂದು ಎಂದರೆ ‘ನಾನು’. ಆರು ಎಂದರೆ ಮನೆ, ಪ್ರೀತಿ, ಸಂಸಾರ. ಎರಡೂ ಕೂಡಿ ಏಳು, ಅಂದರೆ ಏಕಾಂತ. ಮನೆಯ ಮೇಲೆ ‘ನಾನು’ ಏರಿ ಕುಳಿತರೆ ಕೊನೆಗೆ ಉಳಿಯುವುದು ಒಂಟಿತನ ಎಂಬುದು ಇದರ ಓದು. ಪ್ರೀತಿಯಲ್ಲಿ ಇದು ಹೀಗೆ ಕಾಣಿಸಿಕೊಳ್ಳುತ್ತದೆ ಎನ್ನುತ್ತಾರೆ: ಮೊದಲು ಅವನು ಸಂಗಾತಿಯನ್ನು ಬಹಳ ಎತ್ತರದಲ್ಲಿ ಇಡುತ್ತಾನೆ. ಜೊತೆಗೆ ತನ್ನನ್ನೂ. ಒಂದು ದಿನ ಅವಳ ಸಾಮಾನ್ಯ ದೋಷವೊಂದು ಕಣ್ಣಿಗೆ ಬೀಳುತ್ತದೆ, ಇಲ್ಲವೇ ಅವನಿಗೇ ಹೊರಗೆ ಅವಮಾನವಾಗುತ್ತದೆ. ಕಟ್ಟಿದ್ದು ಕುಸಿಯುತ್ತದೆ. ಆಗ ಅವನು ಜಗಳವಾಡುವುದಿಲ್ಲ, ಬಾಗಿಲು ಹಾಕಿಕೊಳ್ಳುತ್ತಾನೆ. ‘ತಪ್ಪಾಯ್ತು’ ಎಂಬ ಮಾತು ಬಾಯಿಗೆ ಬರುವುದಿಲ್ಲ. ಸಂಬಂಧ ಉಳಿಸಿಕೊಳ್ಳುವುದಕ್ಕಿಂತ ತನ್ನದೇ ಸರಿ ಎನ್ನಿಸಿಕೊಳ್ಳುವುದು ಆ ಗಳಿಗೆಯಲ್ಲಿ ದೊಡ್ಡದಾಗುತ್ತದೆ. ಗೋಪುರ ಬೀಳುವುದು ಶಿಕ್ಷೆಯಲ್ಲ, ಬಿದ್ದ ಮೇಲೆ ನೆಲದ ಮಟ್ಟದಲ್ಲಿ ಒಬ್ಬರನ್ನೊಬ್ಬರು ನೋಡಲು ಕಲಿಯುವುದೇ ಅದರ ಪಾಠ ಎಂದು ಶಾಸ್ತ್ರದ ಒಳ್ಳೆಯ ಓದುಗರು ಹೇಳುತ್ತಾರೆ.

ಹೋದ ಜನ್ಮದ ವ್ಯಭಿಚಾರದ ಕಥೆ ಕೆಲವು ಪುಸ್ತಕಗಳಲ್ಲಿ ಇದೆ, ನಿಜ. ಅದನ್ನು ಯಾರೂ ಪರೀಕ್ಷಿಸಲಾರರು. ಅದನ್ನು ಕೇಳಿದ ಹೆಂಡತಿಗೆ ಗಂಡನ ಮೇಲೆ ಇಲ್ಲದ ಅನುಮಾನ ಹುಟ್ಟುವುದನ್ನು ಬಿಟ್ಟು ಬೇರೆ ಫಲವಿಲ್ಲ. ನಾನು ಆ ಭಾಗವನ್ನು ಓದಿನಿಂದ ಪೂರಾ ಬಿಡುತ್ತೇನೆ. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ನಮ್ಮಲ್ಲಿ ಗಂಡಹೆಂಡಿರ ನಡುವೆ ಋಣಾನುಬಂಧ ಇದೆ ಎನ್ನುವ ನಂಬಿಕೆ ಹಳೆಯದು. ಅದು ಇಬ್ಬರ ನಡುವಿನ ಕೊಡುಕೊಳ್ಳುವಿಕೆ. ಕರ್ಮಋಣದ ಸಂಖ್ಯೆ ಅಂಥದ್ದಲ್ಲ. ಅದು ಆ ಒಬ್ಬ ಮನುಷ್ಯ ತನ್ನಲ್ಲೇ ತಿದ್ದಿಕೊಳ್ಳಬೇಕಾದ ವಿಷಯ. ಅವನು ನಿಮಗೇನೂ ಬಾಕಿ ಇಟ್ಟಿಲ್ಲ, ಅವನ ಸಾಲವನ್ನು ನೀವು ತೀರಿಸಬೇಕಾಗಿಯೂ ಇಲ್ಲ.

ಹನ್ನೊಂದರ ಕಡೆಗೆ ಬರೋಣ. ಎರಡು ಒಂದುಗಳು ಅಕ್ಕಪಕ್ಕ ನಿಂತಿವೆ, ಕೂಡಿದರೆ ಎರಡು. ಎರಡು ಎಂದರೆ ಜೊತೆ, ಹೊಂದಾಣಿಕೆ, ಇನ್ನೊಬ್ಬರಿಗಾಗಿ ಮಿಡಿಯುವ ಮನಸ್ಸು. ಈ ಮಿಡಿತ ಹನ್ನೊಂದರಲ್ಲಿ ಬಹಳ ಹೆಚ್ಚು. ಫೋನಿನಲ್ಲಿ ‘ಹಲೋ’ ಎಂದ ದನಿಯಲ್ಲೇ ಎದುರಿನವರ ಮನಸ್ಸು ಸರಿಯಿಲ್ಲ ಎಂದು ಹಿಡಿಯುವವರು ಇವರು. ಪ್ರೀತಿ ಎಂದರೆ ಇವರಿಗೆ ಮನಸ್ಸು ಮನಸ್ಸಿಗೆ ತಾಗುವುದು. ಮನೆ, ಸಂಬಳ, ಅನುಕೂಲ ಎಲ್ಲ ಇದ್ದೂ ಮಾತು ಬರಿದಾಗಿದ್ದರೆ ಇವರಿಗೆ ಉಸಿರು ಕಟ್ಟುತ್ತದೆ. ಮಾಸ್ಟರ್ ಎಂಬ ಹೆಸರಿನಿಂದ ಮೋಸ ಹೋಗಬಾರದು. ಹನ್ನೊಂದರ ಎತ್ತರದಲ್ಲಿ ದಿನವಿಡೀ ಇರಲು ಯಾರಿಗೂ ಆಗುವುದಿಲ್ಲ. ದಣಿದಾಗ, ಹೆದರಿದಾಗ ಇವರು ಎರಡಕ್ಕೆ ಇಳಿಯುತ್ತಾರೆ. ಆಗ ಸಣ್ಣ ಮಾತಿಗೂ ನೋವು, ಅತಿಯಾದ ಅವಲಂಬನೆ, ‘ಏನಿಲ್ಲ ಬಿಡಿ’ ಎನ್ನುವ ಮುನಿಸು. ಇವರ ನಿಜವಾದ ಅಪಾಯ ಬೇರೆಯೇ ಇದೆ. ಊಹೆ ಹಲವು ಸಲ ಸರಿಯಾಗುವುದರಿಂದ, ಊಹಿಸಿದ್ದನ್ನೆಲ್ಲ ನಿಜವೆಂದೇ ಹಿಡಿಯುವ ಅಭ್ಯಾಸವಾಗುತ್ತದೆ. ಎದುರಿನವರ ಮನಸ್ಸು ಕೆಟ್ಟಿದೆ ಎಂದು ಗ್ರಹಿಸಿದ್ದು ಸರಿ ಇರುತ್ತದೆ, ಏಕೆ ಕೆಟ್ಟಿದೆ ಎಂದು ಕಟ್ಟಿಕೊಂಡ ಕಾರಣ ತಪ್ಪಿರುತ್ತದೆ.

ಇವರಿಬ್ಬರನ್ನೂ ಒಂದೇ ಮನೆಯಲ್ಲಿಟ್ಟು ನೋಡಿದಾಗಲೇ ಜೋಡಿಯ ಓದು ಆರಂಭವಾಗುವುದು. ಹುಡುಗನಿಗೆ ಬರಬೇಕಿದ್ದ ಪ್ರಮೋಷನ್ ಬೇರೆಯವರಿಗೆ ಹೋಯಿತು ಅನ್ನಿ. ಸಂಜೆ ಮನೆಗೆ ಬಂದವನು ಮಾತಿಲ್ಲದೆ ಕೂತ. ಅದು ಹದಿನಾರರ ಚಾಳಿ. ಹುಡುಗಿಗೆ ಬಾಗಿಲಲ್ಲೇ ಗೊತ್ತಾಯಿತು. ‘ಏನಾಯ್ತು?’ ಎಂದಳು. ‘ಏನಿಲ್ಲ’ ಎಂದ. ಏನೋ ಇದೆ ಎಂದು ಅವಳಿಗೆ ಖಚಿತ. ಎರಡನೇ ಸಲ ಕೇಳಿದಳು, ಮೂರನೇ ಸಲ ಕೇಳಿದಳು. ಅವನು ಎದ್ದು ಒಳಗಿನ ಕೋಣೆಗೆ ಹೋದ. ಅವನು ಖಾಲಿ ಬಿಟ್ಟ ಜಾಗವನ್ನು ಅವಳ ಊಹೆ ತುಂಬಿತು: ನನ್ನ ಮೇಲೆ ಬೇಸರ, ಮೊನ್ನೆ ಅವರಮ್ಮನ ಬಗ್ಗೆ ಆಡಿದ ಮಾತು ಮನಸ್ಸಿನಲ್ಲಿಟ್ಟುಕೊಂಡಿದ್ದಾನೆ. ರಾತ್ರಿ ಜಗಳ ಆಗುವುದು ಅತ್ತೆಯ ವಿಷಯಕ್ಕೆ, ಪ್ರಮೋಷನ್ನಿನ ಮಾತೇ ಬರುವುದಿಲ್ಲ. 16ಕ್ಕೆ 11 ಸೇರಿದಾಗ ಎದುರಾಗುವ ನಿಜವಾದ ಕಷ್ಟ ಇದು. ಒಬ್ಬರು ಮುಚ್ಚಿಕೊಂಡಷ್ಟೂ ಇನ್ನೊಬ್ಬರು ಊಹಿಸುತ್ತಾರೆ, ಊಹಿಸಿದಷ್ಟೂ ಮೊದಲಿನವರು ಇನ್ನಷ್ಟು ಮುಚ್ಚಿಕೊಳ್ಳುತ್ತಾರೆ.

ಒಳ್ಳೆಯ ಅಂಕಶಾಸ್ತ್ರಜ್ಞರು ಇಂಥ ಜೋಡಿಗೆ ‘ಕೂಡುತ್ತದೆ’, ‘ಕೂಡುವುದಿಲ್ಲ’ ಎಂದು ತೀರ್ಪು ಕೊಡುವುದಿಲ್ಲ, ಇಬ್ಬರಿಗೂ ಒಂದೊಂದು ಕೆಲಸ ಹೇಳುತ್ತಾರೆ. ಅವನು ಕಾರಣವನ್ನೆಲ್ಲ ಬಿಚ್ಚಿಡಬೇಕಾಗಿಲ್ಲ, ಆದರೆ ಒಂದು ವಾಕ್ಯ ಕೊಡಲೇಬೇಕು: ‘ಆಫೀಸಿನ ವಿಷಯ, ನಿನ್ನದಲ್ಲ, ನಾಳೆ ಹೇಳ್ತೀನಿ.’ ಆ ಒಂದು ವಾಕ್ಯ ಸಿಕ್ಕರೆ ಹನ್ನೊಂದರ ಊಹೆ ಅಲ್ಲಿಗೆ ನಿಲ್ಲುತ್ತದೆ. ಅವಳ ಕೆಲಸ, ಆ ವಾಕ್ಯ ಸಿಕ್ಕ ಮೇಲೆ ಬಿಟ್ಟುಬಿಡುವುದು. ಊಹೆ ಬಂದರೂ ಅದನ್ನು ಆರೋಪವಾಗಿ ಆಡದೆ ಪ್ರಶ್ನೆಯಾಗಿ ಕೇಳುವುದು. ನಾಳೆ ಹೇಳುತ್ತೇನೆಂದವನು ನಾಳೆ ಹೇಳದಿದ್ದರೆ ಈ ಒಪ್ಪಂದ ಎರಡೇ ವಾರದಲ್ಲಿ ಮುರಿಯುತ್ತದೆ. ಅದನ್ನು ನೆನಪಿಡುವ ಹೊಣೆ ಹದಿನಾರರದು.

ಉಳಿದ ಸಂಖ್ಯೆಗಳ ಓದು ಇದೇ ಜಾಡಿನದು. 22/4ರವರು ಪ್ರೀತಿಯನ್ನು ಕಟ್ಟಿ ತೋರಿಸುತ್ತಾರೆ: ಸೈಟು, ಮನೆ, ಮಕ್ಕಳ ಓದಿನ ದುಡ್ಡು. ಮಾತಿಗೆ ಸಮಯ ಕೊಡುವುದಿಲ್ಲ ಎಂಬುದು ಇವರ ಸಂಗಾತಿಯ ದೂರು. 33/6ರವರು ಎಲ್ಲರ ಭಾರ ಹೊರುತ್ತಾರೆ, ಸಂಗಾತಿಯನ್ನು ಉದ್ಧಾರ ಮಾಡಬೇಕೆಂದು ಹೊರಟು ಅವರನ್ನು ಮಗುವಿನಂತೆ ನೋಡತೊಡಗುತ್ತಾರೆ. ಹಲವರು 33ನ್ನು ಮಾಸ್ಟರ್ ಎಂದು ಒಪ್ಪುವುದೇ ಇಲ್ಲ. 13/4 ದುಡಿಮೆಯ ಪಾಠ. ಪ್ರೀತಿಯನ್ನು ಸಂಭ್ರಮದಿಂದ ಆರಂಭಿಸಿ, ದಿನದಿನದ ಸಣ್ಣ ಕೆಲಸ ಬಂದಾಗ ಕೈಬಿಡುವ ಸ್ವಭಾವ ಇದ್ದರೆ ತಿದ್ದಿಕೊಳ್ಳಬೇಕು. 19/1ರವರು ಯಾರ ಸಹಾಯವನ್ನೂ ಕೇಳುವುದಿಲ್ಲ. ಜ್ವರ ಬಂದರೂ ಹೇಳದೆ ಮಾತ್ರೆ ನುಂಗಿ ಮಲಗುವ ಗಂಡ, ‘ನಾನಿಲ್ಲಿ ಯಾಕಿದ್ದೇನೆ’ ಎಂದುಕೊಳ್ಳುವ ಹೆಂಡತಿ. ತೆಗೆದುಕೊಳ್ಳಲು ಕಲಿಯುವುದು ಆ ಸಂಖ್ಯೆಯ ಪಾಠ.

ಹದಿನಾಲ್ಕರ ಬಗ್ಗೆ ಹಾಗೆ ಒಂದೆರಡು ಮಾತಿನಲ್ಲಿ ಮುಗಿಸಲು ಮನಸ್ಸು ಬರುವುದಿಲ್ಲ. 14/5 ಸ್ವಾತಂತ್ರ್ಯವನ್ನು ಮಿತಿಮೀರಿ ಬಳಸಿದವರ ಸಂಖ್ಯೆ, ಚಟಕ್ಕೆ ಬೀಳುವ ಒಲವಿರುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಇದನ್ನು ಕೇಳಿಸಿಕೊಂಡ ಮನೆಗಳಲ್ಲಿ ಆಗುವ ಅನಾಹುತ ದೊಡ್ಡದು. ಗಂಡ ಕುಡಿದು ಬಂದು ಕೈ ಮಾಡಿದರೆ ‘ಅವನ ನಂಬರೇ ಹಾಗೆ, ಕರ್ಮ ಕಳೆಯುವವರೆಗೆ ತಾಳಿಕೋ’ ಎಂದು ಹೆಣ್ಣಿಗೇ ಬುದ್ಧಿ ಹೇಳುತ್ತಾರೆ. ಹೆಸರಿಗೆ ಒಂದಕ್ಷರ ಸೇರಿಸಿದರೆ, ಹರಳಿನ ಉಂಗುರ ತೊಡಿಸಿದರೆ ಸರಿಯಾಗುತ್ತದೆಂದು ವರ್ಷಗಟ್ಟಲೆ ಕಾಯುತ್ತಾರೆ. ಕುಡಿತದ ಚಟ ಚಿಕಿತ್ಸೆ ಬೇಡುವ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ವಿಭಾಗವಿದೆ. ಹೊಡೆತ ಅಪರಾಧ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ತಿಂಗಳ ಹದಿನಾಲ್ಕರಂದು ಹುಟ್ಟಿಯೂ ಒಂದು ತೊಟ್ಟು ಮುಟ್ಟದವರು ಊರ ತುಂಬ ಇದ್ದಾರೆ, ಬೇರೆ ತಾರೀಖಿನಲ್ಲಿ ಹುಟ್ಟಿ ಕುಡಿಯುವವರೂ ಇದ್ದಾರೆ. ಯಾವ ಸಂಖ್ಯೆಯೂ ಯಾರಿಗೂ ಹೊಡೆತ ತಾಳಿಕೊಳ್ಳಲು ಹೇಳುವುದಿಲ್ಲ.

ಓದು ಸರಿಯಿದೆಯೋ ಇಲ್ಲವೋ ಎಂದು ಗೊತ್ತಾಗುವುದು ಹೇಗೆ? ಹುಟ್ಟಿದ ತಾರೀಖು ಸ್ವಭಾವವನ್ನು ನಿರ್ಧರಿಸುತ್ತದೆ ಎನ್ನುವುದಕ್ಕೆ ವಿಜ್ಞಾನದ ಪುರಾವೆ ಇಲ್ಲ. ಜೊತೆಗೆ, ಯಾವ ವರ್ಣನೆಯನ್ನು ಕೇಳಿದರೂ ‘ಹೌದು, ನನ್ನದೇ’ ಎನ್ನಿಸುವ ಗುಣ ಎಲ್ಲರಲ್ಲೂ ಇದೆ. 1948ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ‘ಇದು ನಿಮ್ಮೊಬ್ಬರದೇ ವ್ಯಕ್ತಿಚಿತ್ರ’ ಎಂದು ಒಂದೊಂದು ಹಾಳೆ ಕೊಟ್ಟ. ಎಷ್ಟು ಹೊಂದುತ್ತದೆ ಎಂದು ಐದಕ್ಕೆ ಅಂಕ ಹಾಕಲು ಹೇಳಿದಾಗ ಸರಾಸರಿ 4.26 ಬಂತು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ. ‘ನೀವು ಸೂಕ್ಷ್ಮ ಮನಸ್ಸಿನವರು, ನಿಮ್ಮನ್ನು ಅರ್ಥ ಮಾಡಿಕೊಂಡವರು ಕಡಿಮೆ’ ಎಂಬ ಹನ್ನೊಂದರ ಮಾತು ಯಾರಿಗೆ ತಾನೇ ತಾಗುವುದಿಲ್ಲ? ಹಾಗಾಗಿ ದಂಪತಿಗಳಿಗೆ ಒಂದು ಪರೀಕ್ಷೆ ಹೇಳುತ್ತೇನೆ. ಸಂಖ್ಯೆಯ ಹೆಸರು ಮರೆಮಾಡಿ ಅವನಿಗೆ ಹನ್ನೊಂದರ ಓದು, ಅವಳಿಗೆ ಹದಿನಾರರದು ಕೊಟ್ಟು ಓದಿಸಿ. ಅದಲುಬದಲಾಗಿಯೂ ಅಷ್ಟೇ ಹೊಂದಿದರೆ ಆ ಓದಿನಲ್ಲಿ ಅವರಿಬ್ಬರ ಬಗ್ಗೆ ನಿರ್ದಿಷ್ಟವಾದುದೇನೂ ಇಲ್ಲ. ‘ಇದು ನಾನಲ್ಲ, ನೀನು’ ಎಂದು ಇಬ್ಬರೂ ಒಂದೇ ಸಾಲನ್ನು ತೋರಿಸಿದರೆ, ಅವರು ಕೂತು ಮಾತಾಡಬೇಕಾದ ಸಾಲು ಅದು. ಸಂಖ್ಯೆಗಳಿಂದ ಸಂಸಾರಕ್ಕೆ ಸಿಗಬಹುದಾದ ಪ್ರಯೋಜನ ಈ ಮಾತುಕತೆಯೇ ಎಂದು ನಾನು ನಂಬಿದ್ದೇನೆ. ನಿಶ್ಚಯವಾದ ಮದುವೆಯೊಂದನ್ನು ಹದಿನಾರರ ಕಾರಣಕ್ಕೆ ಮುರಿಯುವುದು ಅನ್ಯಾಯ.

ನಮ್ಮ ಕಡೆ ಇನ್ನೊಂದು ಅಡಚಣೆ ಉಂಟು, ತಾರೀಖಿನದೇ. ಹಿಂದಿನ ತಲೆಮಾರಿನ ಎಷ್ಟೋ ಜನರಿಗೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ವಯಸ್ಸು ಹೊಂದಿಸಿ ಬರೆದದ್ದೇ ಹುಟ್ಟಿದ ದಿನ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಆ ತಾರೀಖನ್ನು ಕೂಡಿಸಿ ಋಣ ಹುಡುಕಿದರೆ ಸಿಗುವುದು ಮೇಷ್ಟ್ರು ಆರಿಸಿದ ಸಂಖ್ಯೆ. ಮಧ್ಯರಾತ್ರಿಯ ನಂತರ, ಬೆಳಗಾಗುವ ಮೊದಲು ಹುಟ್ಟಿದವರದು ಬೇರೆ ಸಮಸ್ಯೆ. ಪಂಚಾಂಗದ ದಿನ ಸೂರ್ಯೋದಯಕ್ಕೆ ಆರಂಭವಾಗುತ್ತದೆ, ಆದ್ದರಿಂದ ಮನೆಯವರು ಹದಿನೈದು ಎನ್ನುತ್ತಾರೆ, ಆಸ್ಪತ್ರೆಯ ದಾಖಲೆ ಹದಿನಾರು ಎನ್ನುತ್ತದೆ. ಬ್ಯಾಲಿಯೆಟ್ ಅವರ ಕಡೆಯ ಪದ್ಧತಿಗೆ ಕ್ಯಾಲೆಂಡರಿನ ತಾರೀಖೇ ಪ್ರಮಾಣ. ಸಂಗಾತಿಯ ಸಂಖ್ಯೆ ತೆಗೆಯುವ ಮೊದಲು ಅತ್ತೆಯನ್ನೋ ತಾಯಿಯನ್ನೋ ಕೇಳಿ ಹುಟ್ಟಿದ ಹೊತ್ತನ್ನು ಖಚಿತ ಮಾಡಿಕೊಳ್ಳಿ.

ಕೊನೆಯದು ಹೆಸರು. ಪ್ರೀತಿಯ ಓದಿನಲ್ಲಿ ಅಂತರಂಗದ ಸಂಖ್ಯೆಗೆ, ಅಂದರೆ ಹೆಸರಿನ ಸ್ವರಗಳ ಮೊತ್ತಕ್ಕೆ, ಹೆಚ್ಚಿನ ತೂಕ. ಇಂಗ್ಲಿಷ್ ಅಕ್ಷರಗಳಿಗೆ ಸಾಲಾಗಿ ಒಂದರಿಂದ ಒಂಬತ್ತರವರೆಗೆ ಬೆಲೆ ಕೊಟ್ಟು, ಮತ್ತೆ ಒಂದರಿಂದ ಆರಂಭಿಸುತ್ತಾರೆ. ‘ಎ’ಗೆ 1, ‘ಇ’ಗೆ 5, ‘ಐ’ಗೆ 9. ಗೀತಾ ಎಂಬ ಹೆಸರನ್ನು ತೆಗೆದುಕೊಳ್ಳಿ. ಎರಡು ‘ಇ’ ಹಾಕಿ ಬರೆದರೆ ಸ್ವರಗಳು 5+5+1, ಅಂದರೆ 11, ಮಾಸ್ಟರ್ ಸಂಖ್ಯೆ. ಒಂದೇ ‘ಐ’ ಹಾಕಿ ನಾಲ್ಕಕ್ಷರದಲ್ಲಿ ಬರೆದರೆ 9+1, ಬರೀ 10. ಅದೇ ನಾಲ್ಕಕ್ಷರದ ಪೂರ್ತಿ ಮೊತ್ತ 7+9+2+1, ಅಂದರೆ 19, ಋಣದ ಸಂಖ್ಯೆ. ಎರಡು ‘ಇ’ ಜೊತೆಗೆ ‘ಎಚ್’ ಸೇರಿಸಿ ಬರೆದರೆ 28, ಋಣ ಮಾಯ. ಅಮ್ಮ ಕರೆಯುವ ಹೆಸರು ಒಂದೇ, ಮಗುವೂ ಅದೇ. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ತಂದ ಗುಮಾಸ್ತರ ಕೈಬರಹ ಮಾತ್ರ ಬೇರೆ. ನಮ್ಮ ಹೆಸರುಗಳ ಮಟ್ಟಿಗೆ ಈ ಲೆಕ್ಕ ತಾರೀಖಿಗಿಂತ ಬಹಳ ಸಡಿಲ ಎಂದು ಒಪ್ಪಲೇಬೇಕು. ಊರಿನ ಹೆಸರು, ಅಪ್ಪನ ಹೆಸರಿನ ಇನಿಷಿಯಲ್ಲು ಸೇರಿಸಬೇಕೋ ಬಿಡಬೇಕೋ ಎಂಬ ಪ್ರಶ್ನೆ ಬೇರೆ ಇದೆ.

ಅಂಥ ಸಡಿಲ ಲೆಕ್ಕದ ಮೇಲೆ ಮದುವೆಯ ಹೊತ್ತಿಗೆ ಹುಡುಗಿಯ ಹೆಸರಿನ ಸ್ಪೆಲಿಂಗ್ ಬದಲಿಸಲು ಹೇಳುವವರು ಈಗ ಬಹಳ. ‘19 ಹೋಗಿ 28 ಬರಲಿ, ಗಂಡನ ಜೊತೆ ಹೊಂದಾಣಿಕೆ ಆಗುತ್ತದೆ’ ಎನ್ನುತ್ತಾರೆ, ಅದಕ್ಕೆ ದುಡ್ಡನ್ನೂ ಪಡೆಯುತ್ತಾರೆ. ಆ ಪದ್ಧತಿಯ ಪ್ರಕಾರವೇ ನೋಡಿದರೂ ಹುಟ್ಟಿದಾಗ ದಾಖಲಾದ ಪೂರ್ತಿ ಹೆಸರಿನ ಸಂಖ್ಯೆ ಕೊನೆಯವರೆಗೂ ಹಾಗೇ ಇರುತ್ತದೆ. ಮದುವೆಯ ನಂತರದ ಹೆಸರನ್ನು ಅದರ ಮೇಲಿನ ಇನ್ನೊಂದು ಪದರವೆಂದು, ಕಡಿಮೆ ತೂಕ ಕೊಟ್ಟು ಓದುತ್ತಾರೆ. ಲಗ್ನಪತ್ರಿಕೆಯಲ್ಲಿ ಒಂದು ‘ಎಚ್’ ಸೇರಿಸಿದರೆ ಹೋಗುವ ಋಣ ಆ ಶಾಸ್ತ್ರದಲ್ಲಿ ಇಲ್ಲ. ಆಧಾರ್, ಪ್ಯಾನ್, ಬ್ಯಾಂಕಿನ ಪುಸ್ತಕ ಮೂರರಲ್ಲೂ ಬೇರೆಬೇರೆ ಸ್ಪೆಲಿಂಗ್ ಆಗಿ, ಅದನ್ನು ಸರಿಪಡಿಸಲು ಅಫಿಡವಿಟ್ ಹಿಡಿದು ಓಡಾಡುವ ಕೆಲಸ ಮಾತ್ರ ಹುಡುಗಿಯ ಪಾಲಿಗೆ ಬರುತ್ತದೆ.